ನೂರಕ್ಕೆ ಇಪ್ಪತ್ತಾರು ಎಲ್ಲಿ ಹೋಯಿತು? ಚಿತ್ರದುರ್ಗದ ಸೀರೆ ಅಂಗಡಿಯೊಂದರ ಗೇಟ್‌ವೇ ಲೆಕ್ಕ

ಚಿತ್ರದುರ್ಗದ ಲಕ್ಷ್ಮೀ ಬಜಾರ್ ಕಡೆ ಒಂದು ಸಣ್ಣ ಸೀರೆ ಅಂಗಡಿ ಇದೆ. ಮೊಳಕಾಲ್ಮೂರಿನ ನೇಕಾರರಿಂದ ರೇಷ್ಮೆ ಸೀರೆ ತರಿಸಿ ಮಾರುತ್ತಾರೆ. ಯಜಮಾನಿ ತಮ್ಮದೇ ವೆಬ್‌ಸೈಟ್ ಮಾಡಿಸಿ, ಗಿರಾಕಿ ಆನ್‌ಲೈನ್ ಕಟ್ಟಿದ ಹಣ ಪಡೆದು ಅಂಗಡಿಗೆ ತಲುಪಿಸುವ ಒಂದು ಪೇಮೆಂಟ್ ಗೇಟ್‌ವೇ ಸೇರಿಸಿ, ಬೇರೆ ಊರು, ಬೇರೆ ರಾಜ್ಯಕ್ಕೂ ಕಳಿಸಲು ಶುರು ಮಾಡಿದ್ದರು. ದೀಪಾವಳಿ ಇದ್ದ ಅಕ್ಟೋಬರ್ ತಿಂಗಳು ವ್ಯಾಪಾರ ಚೆನ್ನಾಗಿ ಆಯಿತು. ಆದರೆ ತಿಂಗಳ ಕೊನೆಗೆ ಬ್ಯಾಂಕ್ ಪಾಸ್‌ಬುಕ್ ನೋಡಿ ಅವರಿಗೆ ಗಾಬರಿಯಾಯಿತು.

"ಸರ್, 4,20,000 ರೂಪಾಯಿ ಸೀರೆ ಮಾರಿದ್ದೀನಿ. ಬ್ಯಾಂಕಿಗೆ ಬಂದಿರೋದು 3,08,981. ನೂರಕ್ಕೆ ಇಪ್ಪತ್ತಾರು ರೂಪಾಯಿ ಆ ಗೇಟ್‌ವೇನೇ ತಿಂದ್ರೆ ನೇಕಾರರಿಗೆ ಏನು ಕೊಡ್ಲಿ? ವೆಬ್‌ಸೈಟ್ ಮುಚ್ಚಿಬಿಡ್ತೀನಿ" ಅಂತ ಲೆಕ್ಕ ನೋಡಲು ಹೋದ ನನ್ನ ಹತ್ತಿರ ಅಂದರು.

ಅವರ ಲೆಕ್ಕ ತಪ್ಪೇನಲ್ಲ. ಮಾರಿದ್ದಕ್ಕೂ ಬಂದಿದ್ದಕ್ಕೂ ನಡುವೆ ಸರಿಯಾಗಿ 1,11,018.60 ರೂಪಾಯಿ ವ್ಯತ್ಯಾಸ ಇತ್ತು. ಆದರೆ ಅಷ್ಟೂ ಶುಲ್ಕವಲ್ಲ. ಅದರಲ್ಲಿ ಐದು ಬೇರೆ ಬೇರೆ ಸಂಗತಿ ಸೇರಿಕೊಂಡಿದ್ದವು. ಒಂದೊಂದಕ್ಕೂ ಪುಸ್ತಕದಲ್ಲಿ ಬೇರೆ ಜಾಗ, ತೆರಿಗೆಯಲ್ಲಿ ಬೇರೆ ನಿಯಮ. ಬ್ಯಾಂಕಿಗೆ ಬಂದ ಮೊತ್ತವನ್ನೇ "ಮಾರಾಟ" ಅಂತ ಬರೆದುಬಿಟ್ಟರೆ ಐದೂ ಒಟ್ಟಿಗೆ ಮರೆಯಾಗುತ್ತವೆ. ಇಲ್ಲಿ ಆಗಿದ್ದು ಅದೇ. ಅಂಗಡಿಯ ಲೆಕ್ಕ ಬರೆಯುವ ಹುಡುಗ ಟ್ಯಾಲಿಯಲ್ಲಿ ಪ್ರತಿ ಜಮೆಯನ್ನೂ ಬ್ಯಾಂಕ್ ಡೆಬಿಟ್, ಮಾರಾಟ ಕ್ರೆಡಿಟ್ ಅಂತ ಹಾಕುತ್ತಾ ಬಂದಿದ್ದ. ಜಿಎಸ್‌ಟಿ ರಿಟರ್ನ್ ಕೂಡ ಅದೇ ಅಂಕಿಯ ಮೇಲೆ ಹೋಗಿತ್ತು.

ಅಂಗಡಿಯ ಗುರುತು ಸಿಗಬಾರದು ಅಂತ ಇಲ್ಲಿ ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ. ಎಲ್ಲ ಸೀರೆಗೂ ಒಂದೇ ಬೆಲೆ ಅಂತ ಇಟ್ಟುಕೊಳ್ಳೋಣ. ಸೀರೆಗೆ 10,000, ಅದರ ಮೇಲೆ ಶೇ. 5 ಜಿಎಸ್‌ಟಿ 500, ಗಿರಾಕಿ ಕೊಡುವುದು 10,500. ಅಕ್ಟೋಬರ್‌ನಲ್ಲಿ ಬಿಲ್ ಆದದ್ದು 40 ಸೀರೆ.

ಈ ಗೇಟ್‌ವೇ ಜೊತೆಗಿನ ಒಪ್ಪಂದ ಹೀಗಿತ್ತು. ಎಲ್ಲ ಬಗೆಯ ಪಾವತಿಗೂ ಶೇ. 2 ಶುಲ್ಕ. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಹೊಸ ವ್ಯಾಪಾರಿ ಆದ್ದರಿಂದ ಪ್ರತಿ ಪಾವತಿಯ ಶೇ. 10 ಭಾಗವನ್ನು 90 ದಿನ ತಡೆಹಿಡಿದು ಆಮೇಲೆ ಬಿಡುಗಡೆ ಮಾಡುವುದು. ಉಳಿದ ಹಣ ಎರಡು ಕೆಲಸದ ದಿನಗಳ ನಂತರ ಬ್ಯಾಂಕಿಗೆ. ಶುಲ್ಕ ಮತ್ತು ತಡೆ ಎರಡನ್ನೂ ಗಿರಾಕಿ ಹಣ ಕಟ್ಟಿದ ದಿನವೇ ಗೇಟ್‌ವೇ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ.

"ಯುಪಿಐಗೆ ಶುಲ್ಕ ಇಲ್ಲ ಅಲ್ವಾ ಸರ್?" ಅಂತ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಬ್ಯಾಂಕುಗಳು ವ್ಯಾಪಾರಿಯಿಂದ ತೆಗೆದುಕೊಳ್ಳುತ್ತಿದ್ದ ಎಂಡಿಆರ್ ಎಂಬ ಶುಲ್ಕವನ್ನು 2020ರ ಜನವರಿಯಿಂದ ಸೊನ್ನೆ ಮಾಡಿದ್ದಾರೆ. ಆದರೆ ಗೇಟ್‌ವೇ ತನ್ನ ಸೇವೆಗೆ ಅಂತ ಒಪ್ಪಂದದಲ್ಲಿ ಬೇರೆಯಾಗಿ ಶುಲ್ಕ ಬರೆಸಿಕೊಂಡಿರಬಹುದು. ಇವರ ಒಪ್ಪಂದದಲ್ಲಿ ಹಾಗೇ ಇತ್ತು. ಸಹಿ ಹಾಕುವ ಮುಂಚೆ ಓದಬೇಕಾದ ಸಾಲು ಅದು.

ಒಂದು ಸೀರೆಯ ಲೆಕ್ಕ ಈಗ ಸುಲಭ. 10,500ರಲ್ಲಿ ಶುಲ್ಕ 210, ಶುಲ್ಕದ ಜಿಎಸ್‌ಟಿ 37.80, ತಡೆ 1,050. ಬ್ಯಾಂಕಿಗೆ ಬರುವುದು 9,202.20. ಬ್ಯಾಂಕಿನಲ್ಲಿ ಕಾಣುವುದು ಇದೊಂದೇ ಅಂಕಿ. ಅದೂ ಒಂಟಿಯಾಗಿ ಕಾಣುವುದಿಲ್ಲ, ನಾಲ್ಕೈದು ಆರ್ಡರ್ ಕೂಡಿ ಒಂದೇ ಜಮೆಯಾಗಿ ಬರುತ್ತದೆ.

ಅಂಥ ಒಂದು ಜಮೆಯನ್ನು ಬಿಡಿಸಿ ನೋಡೋಣ. ತಿಂಗಳ ನಡುವೆ ಒಂದು ದಿನ ಬ್ಯಾಂಕಿಗೆ 35,511 ರೂಪಾಯಿ ಬಂದಿತ್ತು. ಪಾಸ್‌ಬುಕ್‌ನಲ್ಲಿ ಗೇಟ್‌ವೇ ಹೆಸರು, ಆ ಜಮೆಯನ್ನು ಗುರುತಿಸುವ ಒಂದು ಯುಟಿಆರ್ ನಂಬರ್, ಮೊತ್ತ, ಅಷ್ಟೇ. ಹುಡುಗ ಅದನ್ನು ಸುಮಾರು ಮೂರೂವರೆ ಸೀರೆ ಮಾರಿದ ಹಾಗೆ ಬರೆದಿದ್ದ. ಗೇಟ್‌ವೇ ಡ್ಯಾಶ್‌ಬೋರ್ಡಿನಿಂದ ಸೆಟಲ್‌ಮೆಂಟ್ ವರದಿ ಇಳಿಸಿಕೊಂಡು ಅದೇ ಯುಟಿಆರ್ ಹುಡುಕಿದೆವು. ಆ ಜಮೆಯ ಹಿಂದೆ ಐದು ಮಾರಾಟ ಮತ್ತು ಒಂದು ರಿಫಂಡ್ ಇತ್ತು. ಐದು ಸೀರೆಗೆ 52,500. ಅದರಲ್ಲಿ ಶುಲ್ಕ 1,050, ಶುಲ್ಕದ ಜಿಎಸ್‌ಟಿ 189, ತಡೆ 5,250 ಹೋಗಿದೆ. ಹಿಂದೆ ಮಾರಿದ್ದ ಒಂದು ಸೀರೆ ವಾಪಸ್ ಬಂದದ್ದಕ್ಕೆ 10,500 ಹೋಗಿದೆ. ಉಳಿದದ್ದು 35,511. ಪೈಸೆ ಹೆಚ್ಚುಕಡಿಮೆ ಇಲ್ಲ.

ಇದನ್ನು ಪುಸ್ತಕದಲ್ಲಿ ಹಿಡಿಯಲು ನಡುವೆ ಒಂದು ಲೆಡ್ಜರ್ ಬೇಕು. ನಾವು ಅದಕ್ಕೆ "ಗೇಟ್‌ವೇ ಖಾತೆ" ಅಂತ ಹೆಸರಿಟ್ಟೆವು. ಗಿರಾಕಿ ಕೊಟ್ಟು ಆಗಿದೆ, ನಮ್ಮ ಬ್ಯಾಂಕಿಗೆ ಇನ್ನೂ ಬಂದಿಲ್ಲ, ಆ ಹಣ ನಿಲ್ಲುವ ಜಾಗ ಅದು. ನಿಜದಲ್ಲೂ ಹಣ ಹಾಗೇ ಇರುತ್ತದೆ. ಇಂಥ ಗೇಟ್‌ವೇ ನಡೆಸುವ ಪೇಮೆಂಟ್ ಅಗ್ರಿಗೇಟರ್‌ಗಳು ಗಿರಾಕಿಯ ಹಣವನ್ನು ತಮ್ಮ ಹಣದ ಜೊತೆ ಬೆರೆಸದೆ ಬ್ಯಾಂಕಿನ ಎಸ್ಕ್ರೋ ಎಂಬ ಬೇರೆ ಖಾತೆಯಲ್ಲಿ ಇಡಬೇಕು ಅಂತ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಆ ದಿನದ ನಮೂದುಗಳು ಹೀಗೆ ಬಂದವು.

ಬಿಲ್ ಮಾಡಿದಾಗ: ಗೇಟ್‌ವೇ ಖಾತೆ ಡೆಬಿಟ್ 52,500. ಮಾರಾಟ ಕ್ರೆಡಿಟ್ 50,000, ಕಟ್ಟಬೇಕಾದ ಜಿಎಸ್‌ಟಿ ಕ್ರೆಡಿಟ್ 2,500.

ಗೇಟ್‌ವೇ ಕಡಿತ: ಗೇಟ್‌ವೇ ಶುಲ್ಕ ಡೆಬಿಟ್ 1,050, ಶುಲ್ಕದ ಮೇಲಿನ ಜಿಎಸ್‌ಟಿ ಡೆಬಿಟ್ 189, ತಡೆಹಿಡಿದ ಹಣ ಡೆಬಿಟ್ 5,250. ಗೇಟ್‌ವೇ ಖಾತೆ ಕ್ರೆಡಿಟ್ 6,489.

ಸೀರೆ ವಾಪಸ್: ಮಾರಾಟ ವಾಪಸಾತಿ ಡೆಬಿಟ್ 10,000, ಕಟ್ಟಬೇಕಾದ ಜಿಎಸ್‌ಟಿ ಡೆಬಿಟ್ 500. ಗೇಟ್‌ವೇ ಖಾತೆ ಕ್ರೆಡಿಟ್ 10,500.

ಬ್ಯಾಂಕಿಗೆ ಬಂದಾಗ: ಬ್ಯಾಂಕ್ ಡೆಬಿಟ್ 35,511. ಗೇಟ್‌ವೇ ಖಾತೆ ಕ್ರೆಡಿಟ್ 35,511.

ಗೇಟ್‌ವೇ ಖಾತೆಯಲ್ಲಿ ಆ ಸೆಟಲ್‌ಮೆಂಟಿನ ಮಟ್ಟಿಗೆ ಉಳಿದದ್ದು ಸೊನ್ನೆ. ಬ್ಯಾಂಕ್ ನಮೂದಿನಲ್ಲಿ ಮಾರಾಟ ಅನ್ನೋ ಮಾತೇ ಬರುವುದಿಲ್ಲ, ನೋಡಿ. ಮಾರಾಟ ಹುಟ್ಟುವುದು ನಮ್ಮ ಬಿಲ್ಲಿನಿಂದ. ಬ್ಯಾಂಕ್ ಜಮೆ ಬರೀ ವಸೂಲಿ.

ಯಜಮಾನಿ ಇದನ್ನು ತಮ್ಮದೇ ರೀತಿಯಲ್ಲಿ ಹಿಡಿದುಕೊಂಡರು. "ನಮ್ಮಪ್ಪ ಮಂಡಿಗೆ ಶೇಂಗಾ ಹಾಕಿ ಬಂದಾಗ ಪಟ್ಟಿ ತರ್ತಿದ್ರು. ಮೇಲೆ ಪೂರ್ತಿ ರೇಟು, ಕೆಳಗೆ ಹಮಾಲಿ, ತೂಕದ ಖರ್ಚು, ಕೊನೆಗೆ ಕೈಗೆ ಬಂದಿದ್ದು. ಹಂಗೇ ಅಲ್ವಾ ಸರ್?" ಹಾಗೇ. ಸೆಟಲ್‌ಮೆಂಟ್ ವರದಿಯೇ ಇಲ್ಲಿ ಆ ಪಟ್ಟಿ. ಇವರು ಇಷ್ಟು ದಿನ ಪಟ್ಟಿ ಬಿಚ್ಚಿ ನೋಡದೆ ಕೈಗೆ ಬಂದಿದ್ದನ್ನು ಮಾತ್ರ ಎಣಿಸುತ್ತಿದ್ದರು.

ಇನ್ನು ಇಡೀ ಅಕ್ಟೋಬರ್. 40 ಬಿಲ್ಲಿನ ಒಟ್ಟು 4,20,000. ಈ 40 ಅನ್ನೋ ಸಂಖ್ಯೆಯನ್ನು ಅಂಗಡಿಯ ಬಿಲ್ ಪುಸ್ತಕದಿಂದ ತೆಗೆದು, ಆಮೇಲೆ ಗೇಟ್‌ವೇ ಪಟ್ಟಿಯ ಜೊತೆ ತಾಳೆ ನೋಡಿದೆವು. ಗೇಟ್‌ವೇ ಪಟ್ಟಿಯಿಂದಲೇ ಬಿಲ್ ಎಣಿಸಿದರೆ, ಹಣ ಬಂದು ಬಿಲ್ ಆಗದೇ ಉಳಿದ ಆರ್ಡರ್ ಎಂದೂ ಕಣ್ಣಿಗೆ ಬೀಳುವುದಿಲ್ಲ. ಸರಕಿನ ಮುಂಗಡಕ್ಕೆ 2017ರ ನವೆಂಬರ್‌ನಿಂದ ಜಿಎಸ್‌ಟಿ ಇಲ್ಲ. ಹಾಗಾಗಿ 31ಕ್ಕೆ ಹಣ ಬಂದು 2ನೇ ತಾರೀಕು ಸೀರೆ ಹೊರಟರೆ ಅದು ಮುಂದಿನ ತಿಂಗಳ ಬಿಲ್. ಇವರು ಆರ್ಡರ್ ಬಂದ ದಿನವೇ ಪ್ಯಾಕ್ ಮಾಡಿ ಕಳಿಸುವವರು, ಆ ತೊಂದರೆ ಇರಲಿಲ್ಲ.

ವ್ಯತ್ಯಾಸದ 1,11,018.60 ರೂಪಾಯಿಯಲ್ಲಿ ಮೊದಲು 21,000 ತೆಗೆಯಿರಿ. ಅದು ವಾಪಸ್ ಬಂದ ಎರಡು ಸೀರೆಯ ಹಣ. ಸೀರೆಗಳು ಅಂಗಡಿಯ ಕಪಾಟಿಗೆ ಬಂದಿವೆ, ಆ ಬಿಲ್ಲುಗಳ ಮೊತ್ತ ಕಳೆಯುವ ಕ್ರೆಡಿಟ್ ನೋಟ್ ಆಗಿದೆ. ನಿಜವಾದ ಮಾರಾಟ 3,99,000. ಉಳಿದ ವ್ಯತ್ಯಾಸ 90,018.60.

ಅದರಲ್ಲಿ 42,000 ತಡೆಹಿಡಿದ ಹಣ. ಅದು ಅಂಗಡಿಯದ್ದೇ, 90 ದಿನ ತಡವಾಗಿ ಬರುತ್ತದೆ. 27,606.60 ತಿಂಗಳ ಕೊನೆಯ ಎರಡು ದಿನದ ಮೂರು ಆರ್ಡರಿನದು. ಎರಡು ಕೆಲಸದ ದಿನ ಆಗದ ಕಾರಣ ನವೆಂಬರ್ ಮೊದಲ ವಾರದಲ್ಲಿ ಬ್ಯಾಂಕಿಗೆ ಬಿತ್ತು. 10,500 ಒಂದು ಚಾರ್ಜ್‌ಬ್ಯಾಕ್. ಸೀರೆ ತಲುಪಿಲ್ಲ ಅಂತ ಗಿರಾಕಿಯೊಬ್ಬರು ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದರು, ಗೇಟ್‌ವೇ ಆ ಮೊತ್ತವನ್ನು ಹಿಂದಕ್ಕೆ ಎಳೆದುಕೊಂಡಿತ್ತು. ಕೊನೆಗೆ ಉಳಿಯುವುದು 9,912. ಶುಲ್ಕ 8,400, ಅದರ ಜಿಎಸ್‌ಟಿ 1,512.

ಅಂದರೆ ಗೇಟ್‌ವೇ ನಿಜಕ್ಕೂ ತೆಗೆದುಕೊಂಡದ್ದು ನೂರಕ್ಕೆ 2 ರೂಪಾಯಿ 36 ಪೈಸೆ. ಆ 36 ಪೈಸೆಯೂ ಸರಿಯಾಗಿ ಬರೆದರೆ ಐಟಿಸಿ ಆಗಿ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಜಮೆಯಾಗಿ ವಾಪಸ್ ಸಿಗುವಂಥದ್ದು. ಈ ಅಂಕಿ ಹೇಳಿದಾಗ ಯಜಮಾನಿ ಕ್ಯಾಲ್ಕ್ಯುಲೇಟರ್ ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ತಾವೇ ಕೂಡಿ ನೋಡಿದರು. ವೆಬ್‌ಸೈಟ್ ಮುಚ್ಚುವ ಮಾತು ಅಲ್ಲಿಗೆ ನಿಂತಿತು.

ತಿಂಗಳ ಕೊನೆಗೆ ಗೇಟ್‌ವೇ ಖಾತೆಯಲ್ಲಿ ಎಷ್ಟು ಉಳಿಯಬೇಕು? ಬ್ಯಾಂಕಿಗೆ ಇನ್ನೂ ಬೀಳದ ಆರ್ಡರ್‌ಗಳ ನಿವ್ವಳ ಮಾತ್ರ. ಇಲ್ಲಿ ಮೂರು ಆರ್ಡರ್, ತಲಾ 9,202.20, ಒಟ್ಟು 27,606.60. ಆದರೆ ಹುಡುಗ ಮೊದಲ ಸಲ ಎಲ್ಲ ನಮೂದು ಮುಗಿಸಿದಾಗ ಉಳಿದದ್ದು 30,202.20. ಜಾಸ್ತಿ ಇದ್ದದ್ದು 2,595.60.

ಇಂಥ ಶೇಷವನ್ನು "ಇತರೆ ಖರ್ಚು" ಅಂತ ಹಾಕಿ ಮುಗಿಸುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಶೇಷದಲ್ಲೇ ಕಾರಣದ ಸುಳಿವು ಇರುತ್ತದೆ. ಆ ತಿಂಗಳು ಎರಡೆರಡು ಸಲ ನಡೆದದ್ದು ಏನು ಅಂತ ನೋಡಿದರೆ ರಿಫಂಡ್. 2,595.60ನ್ನು ಎರಡರಿಂದ ಭಾಗಿಸಿದರೆ 1,297.80. ಅದು ಒಂದು ಸೀರೆಯ ತಡೆ 1,050, ಶುಲ್ಕ 210 ಮತ್ತು ಅದರ ಜಿಎಸ್‌ಟಿ 37.80 ಸೇರಿದ ಮೊತ್ತ. ಸೀರೆ ಮಾರಿದಾಗ ಬಂದದ್ದು 9,202.20 ತಾನೇ, ವಾಪಸ್ ಹೋಗುವುದೂ ಅಷ್ಟೇ ಅಂತ ಹುಡುಗ ಅಂದುಕೊಂಡಿದ್ದ. ಹಾಗಲ್ಲ. ಗಿರಾಕಿಗೆ ಪೂರ್ತಿ 10,500 ಹೋಗುತ್ತದೆ. ಈ ಒಪ್ಪಂದದ ಪ್ರಕಾರ ರಿಫಂಡ್ ಆದರೂ ಶುಲ್ಕ ಹಿಂದಕ್ಕೆ ಬರುವುದಿಲ್ಲ, ಆ ಆರ್ಡರಿನ ತಡೆ ಹಣ ಕೂಡ ತನ್ನ 90 ದಿನ ಮುಗಿಸಿಯೇ ಬರುತ್ತದೆ.

ಹಾಗಾಗಿ ವಾಪಸ್ ಬಂದ ಪ್ರತಿ ಸೀರೆಗೂ ಅಂಗಡಿ 1,050 ರೂಪಾಯಿಯನ್ನು ಮೂರು ತಿಂಗಳು ಕೈಯಿಂದ ಹಾಕಿದ ಹಾಗೆ. 210 ರೂಪಾಯಿ ಶುಲ್ಕ ಸುಮ್ನೆ ಹೋದ ಹಾಗೆ. ಬಣ್ಣ ಫೋಟೋದಲ್ಲಿ ಇದ್ದಂತೆ ಇಲ್ಲ ಅನ್ನುವುದೇ ವಾಪಸಾತಿಗೆ ಮುಖ್ಯ ಕಾರಣ ಆಗಿತ್ತು. ಲೆಕ್ಕ ಕಂಡ ಮೇಲೆ ಯಜಮಾನಿ ಹಗಲು ಬೆಳಕಿನಲ್ಲಿ ಫೋಟೋ ತೆಗೆಸಲು ಶುರು ಮಾಡಿದರು.

ಜಿಎಸ್‌ಟಿ ಕಡೆ ನಷ್ಟ ಎರಡು ದಿಕ್ಕಿನಿಂದ ಆಗಿತ್ತು. ಬ್ಯಾಂಕ್ ಜಮೆ 3,08,981.40 ಅನ್ನೇ ತೆರಿಗೆ ಸೇರಿದ ಮಾರಾಟ ಅಂತ ತಿಳಿದು ಕಟ್ಟಿದ್ದು 14,713.40. ಕಟ್ಟಬೇಕಾದದ್ದು 3,99,000ದ ಮೇಲೆ 19,000. ಕಡಿಮೆ ಬಿದ್ದದ್ದು 4,286.60. ಗೇಟ್‌ವೇ ಏನೇ ಕಳೆದುಕೊಳ್ಳಲಿ, ತೆರಿಗೆ ಬೀಳುವುದು ಗಿರಾಕಿ ಕೊಟ್ಟ ಪೂರ್ತಿ ಬೆಲೆಯ ಮೇಲೆ. ತಡವಾದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ.

ಇನ್ನೊಂದು ತೊಡಕೂ ಇದೆ. ಬಿಲ್ ಇಲ್ಲದೆ ಬ್ಯಾಂಕ್ ಜಮೆಯಿಂದ ರಿಟರ್ನ್ ಸರಿಯಾಗಿ ಹಾಕಲು ಆಗುವುದೇ ಇಲ್ಲ. ಆ 35,511ರ ಹಿಂದೆ ಇದ್ದ ಐದು ಸೀರೆಗಳಲ್ಲಿ ಕೆಲವು ಬೆಂಗಳೂರು, ಮೈಸೂರಿಗೆ ಹೋಗಿದ್ದವು, ಕೆಲವು ಪುಣೆಗೆ. ಕರ್ನಾಟಕದೊಳಗೆ ಆದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಹೊರಗೆ ಆದರೆ ಐಜಿಎಸ್‌ಟಿ. ಮಾರಾಟದ ವಿವರ ಕೊಡುವ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಇಂಥ ಸಣ್ಣ ಗಿರಾಕಿಗಳ ಮಾರಾಟವನ್ನು ರಾಜ್ಯವಾರು ತೋರಿಸಬೇಕು, ವಾಪಸ್ ಬಂದದ್ದನ್ನು ಆಯಾ ರಾಜ್ಯದ ಮೊತ್ತದಲ್ಲೇ ಕಳೆಯಬೇಕು. ಪಾಸ್‌ಬುಕ್ಕಿನ ಒಂದು ಸಾಲಿನಲ್ಲಿ ಪುಣೆ ಯಾವುದು, ಮೈಸೂರು ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಹುಡುಗ ಎಲ್ಲವನ್ನೂ ಕರ್ನಾಟಕ ಅಂತ ಹಾಕಿದ್ದ. ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ಹಿಂದಿನ ತಿಂಗಳದ್ದನ್ನು ತಿದ್ದಲು ಬರುವುದಿಲ್ಲ. ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದುಪಡಿ ತೋರಿಸಿ, ಕೊರತೆ ಮತ್ತು ಬಡ್ಡಿ ಕಟ್ಟಿ ಸರಿ ಮಾಡಿದೆವು.

ಎರಡನೇ ನಷ್ಟ ಶುಲ್ಕದ ಮೇಲಿನ 1,512. ಗೇಟ್‌ವೇ ತಿಂಗಳಿಗೊಮ್ಮೆ ಶುಲ್ಕದ ಟ್ಯಾಕ್ಸ್ ಇನ್‌ವಾಯ್ಸ್ ಕೊಡುತ್ತದೆ, ಡ್ಯಾಶ್‌ಬೋರ್ಡಿನಿಂದ ಇಳಿಸಿಕೊಳ್ಳಬೇಕು. ಐಟಿಸಿ ಸಿಗಬೇಕಾದರೆ ಅದು ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. ಇಲ್ಲಿ ಕಾಣಲಿಲ್ಲ. ಯಾಕೆ ಅಂತ ಇನ್‌ವಾಯ್ಸ್ ತೆರೆದು ನೋಡಿದರೆ ಅಂಗಡಿಯ ಜಿಎಸ್‌ಟಿ ನಂಬರ್ ಇರಬೇಕಾದ ಜಾಗ ಖಾಲಿ. ಗೇಟ್‌ವೇಗೆ ಅರ್ಜಿ ಹಾಕುವಾಗ ನೋಂದಣಿ ಇನ್ನೂ ಆಗಿರಲಿಲ್ಲ. ಆಮೇಲೆ ನಂಬರ್ ಬಂದಾಗ ಬಿಲ್ ಮೇಲೆ ಹಾಕಿಸಿದರು, ಗೇಟ್‌ವೇ ಪ್ರೊಫೈಲ್‌ನಲ್ಲಿ ಹಾಕಲಿಲ್ಲ. ಹಾಗಾಗಿ ಗೇಟ್‌ವೇ ಇವರನ್ನು ನೋಂದಣಿ ಇಲ್ಲದ ಗಿರಾಕಿ ಅಂತಲೇ ತೋರಿಸುತ್ತಾ ಬಂದಿತ್ತು. ಪ್ರೊಫೈಲ್ ಸರಿ ಮಾಡಿದ ಮೇಲೆ ನವೆಂಬರ್ ಇನ್‌ವಾಯ್ಸ್ 2ಬಿಯಲ್ಲಿ ಬಂತು. ಹಳೇ ಇನ್‌ವಾಯ್ಸ್‌ಗಳನ್ನು ತಿದ್ದಿ ಕೊಡಲು ಗೇಟ್‌ವೇ ಒಪ್ಪಲಿಲ್ಲ. ಅಕ್ಟೋಬರ್‌ನ 1,512 ಖರ್ಚಿಗೇ ಸೇರಿತು.

ಚಾರ್ಜ್‌ಬ್ಯಾಕ್ ವಿಷಯದಲ್ಲಿ ನಾನು ಒಂದು ಮಾತಿಗೆ ಗಟ್ಟಿಯಾಗಿ ನಿಂತೆ. ಅದನ್ನು ಮಾರಾಟ ವಾಪಸಾತಿ ಅಂತ ಬರೆಯಬಾರದು. ಸೀರೆ ವಾಪಸ್ ಬಂದಿಲ್ಲ, ಬರೀ ಹಣ ತಕರಾರಿನಲ್ಲಿದೆ. ಅದಕ್ಕೆ "ತಕರಾರಿನ ಹಣ" ಅಂತ ಬೇರೆ ಲೆಡ್ಜರ್ ಮಾಡಿ 10,500 ಅಲ್ಲಿಗೆ ಹಾಕಿದೆವು. ಗೇಟ್‌ವೇ ದಾಖಲೆ ಕೊಡಲು ಕೆಲವೇ ದಿನ ಗಡುವು ಕೊಡುತ್ತದೆ, ಇಮೇಲ್ ನೋಡದೆ ಬಿಟ್ಟರೆ ಕೇಸು ತಾನಾಗಿ ಸೋತ ಹಾಗೆ. ಯಜಮಾನಿ ಬಿಲ್, ಕೊರಿಯರ್ ರಸೀದಿ, ತಲುಪಿಸಿದಾಗ ತೆಗೆದುಕೊಂಡ ಸಹಿಯ ಪ್ರತಿ, ಸೀರೆ ಬಂತು ಅಂತ ಗಿರಾಕಿಯೇ ಕಳಿಸಿದ್ದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವನ್ನೂ ಗಡುವಿನೊಳಗೆ ಕಳಿಸಿದರು. ಡಿಸೆಂಬರ್‌ನಲ್ಲಿ ಹಣ ವಾಪಸ್ ಬಂತು. ಸೋತಿದ್ದರೆ ಅದು ಮುಳುಗಿದ ಸಾಲ. ಆದಾಯದ ಲೆಕ್ಕದಲ್ಲಿ ನಷ್ಟ ಅಂತ ತೋರಿಸಬಹುದು, ಆದರೆ ಸರಕು ವಾಪಸ್ ಬರದೆ ಹಣ ಮುಳುಗಿದ್ದಕ್ಕೆ ಜಿಎಸ್‌ಟಿಯಲ್ಲಿ ಕಡಿತ ಇಲ್ಲ. ಆ ಸೀರೆಯ 500 ರೂಪಾಯಿ ತೆರಿಗೆ ಕಟ್ಟಿದ್ದು ಕಟ್ಟಿದ್ದೇ.

ತಡೆಹಿಡಿದ ಹಣದ ಲೆಕ್ಕಕ್ಕೆ ಎಲ್ಲಕ್ಕಿಂತ ಜಾಸ್ತಿ ತಾಳ್ಮೆ ಬೇಕಾಯಿತು. 42,000 ಒಂದೇ ಸಲ ವಾಪಸ್ ಬರುವುದಿಲ್ಲ. ಅಕ್ಟೋಬರ್ 5ರ ಆರ್ಡರಿನ 1,050 ಜನವರಿ 3ಕ್ಕೆ, ಅಕ್ಟೋಬರ್ 31ರದ್ದು ಜನವರಿ 29ಕ್ಕೆ, ಹೀಗೆ ದಿನ ದಿನವೂ ಚೂರು ಚೂರಾಗಿ ಬಿಡುಗಡೆ. ಅದೂ ಬೇರೆ ಜಮೆಯಾಗಿ ಅಲ್ಲ, ಆ ದಿನದ ಸೆಟಲ್‌ಮೆಂಟಿನಲ್ಲೇ ಬೆರೆತು ಬರುತ್ತದೆ. ಜನವರಿಯಲ್ಲಿ ಒಂದು ದಿನ ಒಂದೇ ಸೀರೆಗೆ 10,252.20 ಬಂದಾಗ ಹುಡುಗ ತಲೆ ಕೆಡಿಸಿಕೊಂಡ. ವರದಿ ನೋಡಿದರೆ ಹೊಸ ಸೀರೆಯ 9,202.20 ಜೊತೆಗೆ ಹಳೆಯ ತಡೆ 1,050. ಬ್ಯಾಂಕ್ ಡೆಬಿಟ್, ತಡೆಹಿಡಿದ ಹಣ ಕ್ರೆಡಿಟ್ 1,050. ಮಾರಾಟಕ್ಕೆ ಮುಟ್ಟುವ ಹಾಗಿಲ್ಲ, ಅದು ಅಕ್ಟೋಬರ್‌ನಲ್ಲೇ ಮಾರಾಟವಾಗಿ ತೆರಿಗೆ ಕಟ್ಟಿಯಾಗಿದೆ. ಹಳೇ ಪದ್ಧತಿಯಲ್ಲೇ ಹೋಗಿದ್ದರೆ ಅದನ್ನು ಜನವರಿಯ ಮಾರಾಟ ಅಂತ ಮತ್ತೆ ಬರೆದು ಎರಡನೇ ಸಲ ತೆರಿಗೆ ಕಟ್ಟುತ್ತಿದ್ದರು.

ಯಜಮಾನಿಗೆ ನಿಜವಾಗಿ ಬಿಸಿ ಮುಟ್ಟಿದ್ದು ಇದೇ ಹಣದ್ದು. ತಿಂಗಳಿಗೆ 4,20,000 ವ್ಯಾಪಾರ ಮುಂದುವರಿದರೆ ಮೂರು ತಿಂಗಳಲ್ಲಿ 1,26,000 ರೂಪಾಯಿ ಸದಾ ಗೇಟ್‌ವೇ ಹತ್ತಿರವೇ ಇರುತ್ತದೆ. ಹಳೆಯದು ಬಿಡುಗಡೆಯಾದಷ್ಟೇ ಹೊಸದು ಒಳಗೆ ಹೋಗುತ್ತದೆ. ವ್ಯಾಪಾರ ಬೆಳೆದರೆ ಅದೂ ಬೆಳೆಯುತ್ತದೆ. ಇದು ನಷ್ಟ ಅಲ್ಲ, ಆದರೆ ಈ ಹಣದಲ್ಲಿ ನೇಕಾರರ ಮಜೂರಿ ಕೊಡಲಿಕ್ಕೆ ಆಗುವುದಿಲ್ಲ. "ಲಾಭ ಕಾಣುತ್ತೆ ಸರ್, ಶನಿವಾರ ಕೊಡೋಕೆ ದುಡ್ಡು ಇರಲ್ಲ" ಅಂತ ಅವರು ಹೇಳಿದ್ದರ ಅರ್ಥ ಇದೇ. ರೇಷ್ಮೆ ನೂಲಿನವರ ಹತ್ತಿರ ಸ್ವಲ್ಪ ದಿನದ ಸಾಲದ ಅವಧಿ ಕೇಳಿದರು. ಚಾರ್ಜ್‌ಬ್ಯಾಕ್ ಗೆದ್ದ ಮೇಲೆ ಅದನ್ನೂ, ಅಷ್ಟು ತಿಂಗಳ ವಾಪಸಾತಿ ಲೆಕ್ಕವನ್ನೂ ಇಟ್ಟು ತಡೆಯ ಪ್ರಮಾಣ ಕಡಿಮೆ ಮಾಡಿ ಅಂತ ಗೇಟ್‌ವೇಗೆ ಬರೆದರು. ಫೆಬ್ರವರಿಯಿಂದ ಶೇ. 5ಕ್ಕೆ ಇಳಿಸಿದರು. ಹೊಸ ದರ ಹೊಸ ಆರ್ಡರ್‌ಗಳಿಗೆ ಮಾತ್ರ. ಹಳೆಯವು ಹಳೇ ದರದಲ್ಲೇ 90 ದಿನ ಮುಗಿಸಿ ಬಂದವು. ಹಾಗಾಗಿ ಶೇಕಡಾವಾರು ಲೆಕ್ಕ ಹಾಕಿ ನಮೂದು ಮಾಡುವುದನ್ನು ಬಿಟ್ಟು, ತಡೆಯನ್ನು ಆರ್ಡರ್ ನಂಬರಿನ ಪ್ರಕಾರ ವರದಿಯಿಂದಲೇ ಎತ್ತಿ ಬರೆಯಲು ಹುಡುಗನಿಗೆ ಹೇಳಿದೆ.

ಮಾರ್ಚ್ 31ಕ್ಕೆ ಮೂರು ಅಂಕಿ ಹೊಂದಬೇಕಿತ್ತು. ತಡೆಹಿಡಿದ ಹಣದ ಲೆಡ್ಜರ್ ಶೇಷ, ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಆ ದಿನ ತೋರಿಸುವ ತಡೆ ಮೊತ್ತ, ನಮ್ಮ ಆರ್ಡರ್‌ವಾರು ಪಟ್ಟಿಯಲ್ಲಿ ಜನವರಿಯಿಂದೀಚೆಗೆ ಬಿಡುಗಡೆ ಬಾಕಿ ಇದ್ದದ್ದರ ಒಟ್ಟು. ಮೂರೂ ಹೊಂದಿದವು. ಅದನ್ನು ಆಸ್ತಿ ಕಡೆ, ಚಾಲ್ತಿ ಆಸ್ತಿಯಲ್ಲಿ, ಗೇಟ್‌ವೇ ಖಾತೆಯಿಂದ ಬೇರೆ ಸಾಲಾಗಿ ತೋರಿಸಿದೆವು. ಆ ದಿನದ ಡ್ಯಾಶ್‌ಬೋರ್ಡ್ ವರದಿಯನ್ನು ಪ್ರಿಂಟ್ ತೆಗೆದು ವರ್ಷದ ಫೈಲಿಗೆ ಹಾಕಿದೆವು, ಯಾಕೆಂದರೆ ಏಪ್ರಿಲ್‌ನಲ್ಲಿ ಅದೇ ಪರದೆ ತೆರೆದರೆ ಏಪ್ರಿಲ್‌ನ ಅಂಕಿಯೇ ಕಾಣುತ್ತದೆ.